ಎಲೆಯಿಂದ ಬೇರಿಗೆ: ಮರಗಳನ್ನು ಓದುವ ಆಟೊಮೇಟನ್

(3 + 5) × 7 ಎಂಬ ಲೆಕ್ಕವನ್ನು ಕಂಪ್ಯೂಟರ್ ಸಾಮಾನ್ಯವಾಗಿ ಮರದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಇದು ತಲೆಕೆಳಗಾದ ಮರ: ಬೇರು ಮೇಲೆ, ಎಲೆಗಳು ಕೆಳಗೆ. ಬೇರಿನಲ್ಲಿ × ಇದೆ. ಅದರ ಎಡಗವಲಿನಲ್ಲಿ +, ಬಲಗವಲಿನಲ್ಲಿ 7. ಆ + ಕೆಳಗೆ 3 ಮತ್ತು 5. ಯಾವುದನ್ನು ಮೊದಲು ಮಾಡಬೇಕೆಂದು ಮರದ ಆಕಾರವೇ ಹೇಳುವುದರಿಂದ ಆವರಣಚಿಹ್ನೆ ಬೇಕಿಲ್ಲ.

ಹೀಗೆ ಹೆಸರು ಹೊತ್ತ ಮರಗಳಲ್ಲಿ ಕೆಲವನ್ನು ಒಪ್ಪಿ, ಉಳಿದವನ್ನು ತಳ್ಳಿಹಾಕುವ ಸರಳ ಯಂತ್ರವೇ ವೃಕ್ಷ ಆಟೊಮೇಟನ್. ಥ್ಯಾಚರ್, ರೈಟ್ ಮತ್ತು ಡೋನರ್ 1960ರ ದಶಕದಲ್ಲಿ ಇದರ ಸಿದ್ಧಾಂತ ಕಟ್ಟಿದರು. ಯಂತ್ರದ ಬಳಿ ಇರುವುದು ಬೆರಳೆಣಿಕೆಯ ಸ್ಥಿತಿಗಳು, ಒಂದಿಷ್ಟು ನಿಯಮಗಳು, ಅಷ್ಟೇ.

ಉತ್ತರ ಸಮಸಂಖ್ಯೆಯಾಗುವ ಲೆಕ್ಕಗಳನ್ನು ಮಾತ್ರ ಒಪ್ಪುವ ಯಂತ್ರವೊಂದನ್ನು ಕಟ್ಟೋಣ. ‘ಸಮ’, ‘ಬೆಸ’ ಎಂಬ ಎರಡೇ ಸ್ಥಿತಿ ಸಾಕು. ಎಲೆಯಲ್ಲಿರುವ ಅಂಕಿ ನೋಡಿ ಅದಕ್ಕೆ ಸ್ಥಿತಿ ಕೊಡಬೇಕು. + ಬಂದಾಗ ಕೆಳಗಿನ ಎರಡೂ ಸ್ಥಿತಿ ಒಂದೇ ಆಗಿದ್ದರೆ ಸಮ, ಬೇರೆಯಾದರೆ ಬೆಸ. × ಬಂದಾಗ ಎರಡೂ ಬೆಸವಾದರೆ ಮಾತ್ರ ಬೆಸ, ಇಲ್ಲದಿದ್ದರೆ ಸಮ. ಬೇರಿಗೆ ‘ಸಮ’ ಸಿಕ್ಕರೆ ಮರ ಒಪ್ಪಿತ.

ನಮ್ಮ ಮರದಲ್ಲಿ 3, 5, 7 ಮೂರಕ್ಕೂ ‘ಬೆಸ’. ಬೆಸಕ್ಕೆ ಬೆಸ ಕೂಡಿದ್ದರಿಂದ + ಇರುವಲ್ಲಿ ‘ಸಮ’. ಅದನ್ನು ಏಳರ ‘ಬೆಸ’ದೊಡನೆ ಗುಣಿಸಿದ್ದರಿಂದ ಬೇರಿಗೂ ‘ಸಮ’. ಉತ್ತರ 56 ಎಂದು ಯಂತ್ರ ಕಂಡುಹಿಡಿಯಲೇ ಇಲ್ಲ. ಲಕ್ಷ ಎಲೆಗಳಿದ್ದರೂ ಪ್ರತಿ ಕವಲಿನಿಂದ ಅದು ಮೇಲಕ್ಕೆ ಒಯ್ಯುವುದು ಇದೊಂದೇ ಸುದ್ದಿ.

ಬೇರಿನಿಂದ ಕೆಳಗಿಳಿದು ಓದಬಾರದೇಕೆ? 0 + 1 ಮತ್ತು 1 + 0 ಎಂಬ ಎರಡೇ ಮರಗಳನ್ನು ಒಪ್ಪಬೇಕೆಂದುಕೊಳ್ಳಿ. ಪ್ರತಿ ಹೆಜ್ಜೆಗೂ ಒಂದೇ ನಿಯಮವಿರುವ ಯಂತ್ರ ಮೇಲಿಂದ ಇಳಿದರೆ ಎಡಕ್ಕೊಂದು, ಬಲಕ್ಕೊಂದು ಸ್ಥಿತಿ ಕಳಿಸಿಬಿಡುತ್ತದೆ. ಆಮೇಲೆ ಎಡದಲ್ಲಿ ಏನು ಕಂಡಿತೆಂದು ಬಲಕ್ಕೆ ತಿಳಿಯದು. ಎಡದಲ್ಲಿ 0, 1 ಎರಡನ್ನೂ ಒಪ್ಪಬೇಕು, ಬಲದಲ್ಲೂ ಹಾಗೆಯೇ. ಆಗ 0 + 0 ಕೂಡ ಒಳಗೆ ನುಸುಳುತ್ತದೆ. ಕೆಳಗಿನಿಂದ ಬರುವ ಯಂತ್ರಕ್ಕೆ ಈ ತೊಡಕಿಲ್ಲ, ಏಕೆಂದರೆ + ತಲುಪುವ ಹೊತ್ತಿಗೆ ಎರಡೂ ಕಡೆಯ ವರದಿ ಅದರ ಕೈಯಲ್ಲಿರುತ್ತದೆ.

ಆದರೂ ಅದಕ್ಕೆ ಮೀರಿದ ಕೆಲಸವೊಂದಿದೆ. ಎಡ ಮತ್ತು ಬಲದ ಮರಗಳು ಅಕ್ಷರಶಃ ಒಂದೇ ಆಗಿರುವ ಲೆಕ್ಕಗಳನ್ನಷ್ಟೇ ಒಪ್ಪುವ ಯಂತ್ರ ಸಾಧ್ಯವಿಲ್ಲ. ಮರಗಳು ಅನಂತ, ಸ್ಥಿತಿಗಳು ಸೀಮಿತ; ಹಾಗಾಗಿ ಬೇರೆ ಬೇರೆಯಾದ ಎರಡು ಮರಗಳಿಗೆ ಎಲ್ಲೋ ಒಂದೇ ಸ್ಥಿತಿ ಬಂದೇ ಬರುತ್ತದೆ. ಆಗ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೂ ಯಂತ್ರಕ್ಕೆ ವ್ಯತ್ಯಾಸ ಕಾಣದು. ಎಷ್ಟೇ ಸ್ಥಿತಿ ಸೇರಿಸಿದರೂ ಈ ಕೊರತೆ ನೀಗುವುದಿಲ್ಲ.