ಡಾಲರ್‌ಗೆ ಕಟ್ಟಿದ ನಾಣ್ಯ ಜಾರಿದ ಶನಿವಾರ

2023ರ ಮಾರ್ಚ್ 11ರ ಶನಿವಾರ, ಯುಎಸ್‌ಡಿಸಿ ಎಂಬ ಡಿಜಿಟಲ್ ನಾಣ್ಯದ ಬೆಲೆ 88 ಸೆಂಟ್‌ನ ಆಸುಪಾಸಿಗೆ ಕುಸಿಯಿತು. ಷೇರಿಗೋ ಬಿಟ್‌ಕಾಯಿನ್‌ಗೋ ಇಷ್ಟು ಇಳಿತ ಮಾಮೂಲು. ಆದರೆ ಈ ನಾಣ್ಯ ಹುಟ್ಟಿದ್ದೇ ಯಾವತ್ತೂ ಒಂದು ಡಾಲರ್ ಬೆಲೆಯಲ್ಲೇ ನಿಲ್ಲಬೇಕೆಂದು. ಅದನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ, ಹೊರಡಿಸಿದ ಸರ್ಕಲ್ ಕಂಪನಿ ಹಣ ನುಂಗಿಯೂ ಇರಲಿಲ್ಲ. ತಪ್ಪಿದ್ದು ಎಲ್ಲಿ ಎಂದು ಹುಡುಕಿದರೆ, ಇಡೀ ಮೀಸಲು ನಿಧಿಯಲ್ಲಿ ಅತ್ಯಂತ ಭದ್ರ ಎಂದು ತೋರುತ್ತಿದ್ದ ಭಾಗಕ್ಕೇ ಹೋಗಿ ಮುಟ್ಟುತ್ತೇವೆ.

ಸ್ಟೇಬಲ್‌ಕಾಯಿನ್ ಎಂದರೆ ಹೀಗೆ ಸ್ಥಿರ ಬೆಲೆಯ ಭರವಸೆ ಕೊಡುವ ಕ್ರಿಪ್ಟೋ ನಾಣ್ಯ. ಅದರ ಲೆಕ್ಕಾಚಾರ ಸರಳವಾಗಿದೆ. ಸರ್ಕಲ್‌ನಲ್ಲಿ ಖಾತೆ ಇರುವ ದೊಡ್ಡ ವ್ಯಾಪಾರಿ ಹತ್ತು ಲಕ್ಷ ಡಾಲರ್ ಕಟ್ಟಿದರೆ, ಕಂಪನಿ ಹತ್ತು ಲಕ್ಷ ನಾಣ್ಯ ಹೊಸದಾಗಿ ಸೃಷ್ಟಿಸಿ ಕೊಡುತ್ತದೆ. ನಾಣ್ಯ ಮರಳಿಸಿದರೆ ಅಷ್ಟೇ ಡಾಲರ್ ವಾಪಸ್ ಕೊಟ್ಟು, ಬಂದ ನಾಣ್ಯಗಳನ್ನು ಅಳಿಸಿಹಾಕುತ್ತದೆ. ನಮ್ಮ ನಿಮ್ಮಂಥವರಿಗೆ ಈ ಬಾಗಿಲು ತೆರೆದಿರುವುದಿಲ್ಲ. ನಾವು ಕ್ರಿಪ್ಟೋ ಎಕ್ಸ್‌ಚೇಂಜ್‌ಗಳಲ್ಲಿ ಇನ್ನೊಬ್ಬರಿಂದ ಕೊಂಡು ಇನ್ನೊಬ್ಬರಿಗೆ ಮಾರಬೇಕು.

ಹಾಗಿದ್ದರೂ ಎಕ್ಸ್‌ಚೇಂಜ್‌ನಲ್ಲಿ ಬೆಲೆ ಒಂದು ಡಾಲರ್‌ಗೇ ಅಂಟಿಕೊಳ್ಳುವುದಕ್ಕೆ ಕಾರಣ ಆ ದೊಡ್ಡ ವ್ಯಾಪಾರಿಗಳ ಲಾಭದ ಆಸೆ. ಬೆಲೆ 99 ಸೆಂಟ್‌ಗೆ ಇಳಿದರೆ ಅವರು ಅಲ್ಲಿ ಕೊಂಡು, ಸರ್ಕಲ್‌ಗೆ ಮರಳಿಸಿ, ನಾಣ್ಯಕ್ಕೊಂದು ಸೆಂಟ್ ಲಾಭ ಮಾಡುತ್ತಾರೆ. ಹಾಗೆ ಕೊಳ್ಳುವುದರಿಂದಲೇ ಬೆಲೆ ಮತ್ತೆ ಏರುತ್ತದೆ. ಒಂದು ಡಾಲರ್‌ಗಿಂತ ಮೇಲೆ ಹೋದರೆ ಹೊಸ ನಾಣ್ಯ ಪಡೆದು ಮಾರುತ್ತಾರೆ, ಬೆಲೆ ಇಳಿಯುತ್ತದೆ. ಈ ಯಂತ್ರ ತಿರುಗಬೇಕಾದರೆ ಎರಡು ಸಂಗತಿ ಬೇಕು: ಮರಳಿಸುವ ಕಿಟಕಿ ತೆರೆದಿರಬೇಕು, ಮತ್ತು ಕಿಟಕಿಯ ಹಿಂದೆ ಹಣ ಇದೆ ಎಂದು ವ್ಯಾಪಾರಿ ನಂಬಬೇಕು.

ಆಗ ಸರ್ಕಲ್ ಬಳಿ ಸುಮಾರು 4,000 ಕೋಟಿ ಡಾಲರ್ ಮೀಸಲು ಇತ್ತು. ಮುಕ್ಕಾಲು ಭಾಗಕ್ಕೂ ಹೆಚ್ಚು ಅಮೆರಿಕ ಸರ್ಕಾರದ ಅಲ್ಪಾವಧಿಯ ಟ್ರೆಷರಿ ಬಿಲ್‌ಗಳಲ್ಲಿತ್ತು. ಉಳಿದದ್ದು ಬ್ಯಾಂಕುಗಳಲ್ಲಿ ನಗದಾಗಿ ಇತ್ತು. ದಿನನಿತ್ಯ ನಾಣ್ಯ ಮರಳಿಸುವವರಿಗೆ ಕೂಡಲೇ ಕೊಡಬೇಕಲ್ಲ, ಅದಕ್ಕೆ. ಆ ಬ್ಯಾಂಕುಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕ್.

ಬ್ಯಾಂಕಿನಲ್ಲಿಟ್ಟ ನಗದು ಎಂದು ನಾವು ಕರೆಯುವುದು ನಿಜಕ್ಕೂ ಬ್ಯಾಂಕಿಗೆ ಕೊಟ್ಟ ಸಾಲ. ಆ ಹಣದಿಂದ ಬ್ಯಾಂಕು ಏನು ಕೊಂಡಿದೆಯೋ ಅದರ ಮೇಲೆ ನಮ್ಮ ನಗದಿನ ಭದ್ರತೆ ನಿಂತಿದೆ. ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಡ್ಡಿ ತೀರ ಕಡಿಮೆ ಇದ್ದ ಕಾಲದಲ್ಲಿ ದೀರ್ಘಾವಧಿಯ ಬಾಂಡುಗಳನ್ನು ರಾಶಿ ರಾಶಿ ಕೊಂಡಿತ್ತು. 2022ರಲ್ಲಿ ಬಡ್ಡಿ ದರ ಸರಸರನೆ ಏರಿತು. ಹೊಸ ಬಾಂಡು ಹೆಚ್ಚು ಬಡ್ಡಿ ಕೊಡುವಾಗ ಹಳೆಯದನ್ನು ಯಾರು ಪೂರ್ಣ ಬೆಲೆಗೆ ಕೊಳ್ಳುತ್ತಾರೆ? ಮಾರ್ಚ್ 8ರಂದು ಬ್ಯಾಂಕು ತನ್ನ 2,100 ಕೋಟಿ ಡಾಲರ್‌ನಷ್ಟು ಹೂಡಿಕೆ ಮಾರಿ 180 ಕೋಟಿ ಡಾಲರ್ ನಷ್ಟ ಅನುಭವಿಸಿದ್ದಾಗಿ ಪ್ರಕಟಿಸಿತು. ಮರುದಿನ ಒಂದೇ ದಿನದಲ್ಲಿ ಠೇವಣಿದಾರರು 4,200 ಕೋಟಿ ಡಾಲರ್ ಹಿಂದೆಗೆಯಲು ಮುಗಿಬಿದ್ದರು. ಶುಕ್ರವಾರ ಬೆಳಿಗ್ಗೆ ನಿಯಂತ್ರಕರು ಬ್ಯಾಂಕಿಗೆ ಬೀಗ ಹಾಕಿದರು.

ಅಂದು ರಾತ್ರಿ ಸರ್ಕಲ್ ಹೇಳಿಕೆ ಕೊಟ್ಟಿತು: ತನ್ನ ಮೀಸಲಿನ 330 ಕೋಟಿ ಡಾಲರ್ ಆ ಬ್ಯಾಂಕಿನಲ್ಲೇ ಸಿಕ್ಕಿಕೊಂಡಿದೆ. ಅಮೆರಿಕದಲ್ಲಿ ಠೇವಣಿ ವಿಮೆಯ ಮಿತಿ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಎರಡೂವರೆ ಲಕ್ಷ ಡಾಲರ್. 330 ಕೋಟಿಗೆ ಅದು ಯಾವ ಮೂಲೆಗೆ?

ಈಗ ಲೆಕ್ಕ ಹಾಕೋಣ. ಆ ಹಣ ಪೂರ್ತಿ ಮುಳುಗಿದರೂ 4,000 ಕೋಟಿಯಲ್ಲಿ 3,670 ಕೋಟಿ ಉಳಿಯುತ್ತದೆ, ಅಂದರೆ ನಾಣ್ಯಕ್ಕೆ ಸುಮಾರು 92 ಸೆಂಟ್. ವಾಸ್ತವದಲ್ಲಿ ಮುಳುಗಿದ ಬ್ಯಾಂಕಿನಿಂದಲೂ ಠೇವಣಿಯ ಒಂದಷ್ಟು ಪಾಲು ವಾಪಸ್ ಬಂದೇ ಬರುತ್ತದೆ. ಹಾಗಾದರೆ ಅತಿ ಕೆಟ್ಟ ಲೆಕ್ಕಕ್ಕಿಂತಲೂ ಕೆಳಗೆ, 88ಕ್ಕೆ, ಬೆಲೆ ಇಳಿದದ್ದೇಕೆ? ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಇದೇ.

ಒಂದು ಕಾರಣ ವಾರಾಂತ್ಯ. ಕ್ರಿಪ್ಟೋ ಮಾರುಕಟ್ಟೆಗೆ ರಜೆಯೇ ಇಲ್ಲ, ಡಾಲರ್ ಕೊಡಬೇಕಾದ ಅಮೆರಿಕದ ಬ್ಯಾಂಕುಗಳಿಗೆ ಶನಿವಾರ, ಭಾನುವಾರ ರಜೆ. ಯುಎಸ್‌ಡಿಸಿಯನ್ನು ಡಾಲರ್‌ಗೆ ಬದಲಾಯಿಸಿಕೊಡುತ್ತಿದ್ದ ಕಾಯಿನ್‌ಬೇಸ್ ಎಕ್ಸ್‌ಚೇಂಜ್ ಕೂಡ ಸೋಮವಾರದವರೆಗೆ ಅದನ್ನು ನಿಲ್ಲಿಸಿತು. ಮರಳಿಸುವ ಕಿಟಕಿ ಮುಚ್ಚಿದಾಗ ಅಗ್ಗಕ್ಕೆ ಕೊಳ್ಳುವ ವ್ಯಾಪಾರಿ ಎರಡು ದಿನ ಆ ಅಪಾಯವನ್ನು ಹೊತ್ತು ಕೂರಬೇಕು. ಸೋಮವಾರದ ಹೊತ್ತಿಗೆ ಇನ್ನೊಂದು ಬ್ಯಾಂಕು ಬೀಳುವುದಿಲ್ಲ ಎಂಬ ಖಾತರಿ ಯಾರಿಗಿತ್ತು? ಭಾನುವಾರ ನಿಜಕ್ಕೂ ನ್ಯೂಯಾರ್ಕಿನ ಸಿಗ್ನೇಚರ್ ಬ್ಯಾಂಕ್ ಮುಚ್ಚಿತು.

ಇನ್ನೊಂದು ಕಾರಣ ಸರದಿಯದು. ಸರ್ಕಲ್ ಮೊದಲು ಬಂದವರಿಗೆ ಪೂರ್ಣ ಡಾಲರ್ ಕೊಡುತ್ತಾ ಹೋದರೆ ಏನಾಗುತ್ತದೆ ನೋಡಿ. 4,000 ಕೋಟಿ ನಾಣ್ಯಗಳಲ್ಲಿ 2,000 ಕೋಟಿ ಮರಳಿ ಬಂದು ಅಷ್ಟೂ ಡಾಲರ್ ಸಂದಾಯವಾದರೆ, ಉಳಿದ 2,000 ಕೋಟಿ ನಾಣ್ಯಗಳಿಗೆ ಇರುವುದು 1,670 ಕೋಟಿ ಡಾಲರ್. ಅಂದರೆ ತಲಾ 83 ಸೆಂಟ್ ಚಿಲ್ಲರೆ. ಕೊರತೆಯನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದಿಲ್ಲ, ಕೊನೆಗೆ ಉಳಿದವರ ತಲೆಗೆ ಕಟ್ಟುತ್ತದೆ. ಇದು ಗೊತ್ತಿರುವವನು ಗಾಬರಿ ಇಲ್ಲದಿದ್ದರೂ ಓಡಲೇಬೇಕಾಗುತ್ತದೆ. ಕೊರತೆಯನ್ನು ಸ್ವಂತ ಹಣದಿಂದ ತುಂಬುತ್ತೇವೆ ಎಂದು ಸರ್ಕಲ್ ಶನಿವಾರ ಮಾತು ಕೊಟ್ಟಿತು, ಅಷ್ಟಕ್ಕೇ ಬೆಲೆ ಪೂರ್ತಿ ಸುಧಾರಿಸಲಿಲ್ಲ.

ಪರಿಸ್ಥಿತಿ ತಿಳಿಯಾದದ್ದು ಭಾನುವಾರ ಸಂಜೆ. ಆ ಬ್ಯಾಂಕಿನ ಎಲ್ಲ ಠೇವಣಿದಾರರಿಗೂ, ವಿಮೆ ಮೀರಿದ ಮೊತ್ತವೂ ಸೇರಿ, ಪೂರ್ಣ ಹಣ ಸಿಗುತ್ತದೆ ಎಂದು ಅಮೆರಿಕದ ಖಜಾನೆ ಇಲಾಖೆ, ಫೆಡರಲ್ ರಿಸರ್ವ್ ಮತ್ತು ಠೇವಣಿ ವಿಮಾ ನಿಗಮ ಒಟ್ಟಾಗಿ ಘೋಷಿಸಿದವು. ಸೋಮವಾರ ನಾಣ್ಯ ಮತ್ತೆ ಒಂದು ಡಾಲರ್ ಹತ್ತಿರ ಬಂತು. ಸರ್ಕಾರಗಳ ಹಂಗಿಲ್ಲದ ಹಣ ಎಂದು ಕ್ರಿಪ್ಟೋವನ್ನು ಹೊಗಳುವವರು ಈ ಭಾನುವಾರದ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ.

ಇಲ್ಲಿ ಸರ್ಕಲ್‌ಗೆ ಸಲ್ಲಬೇಕಾದ ಒಂದು ಮೆಚ್ಚುಗೆಯಿದೆ. ಅದು ಮೊತ್ತವನ್ನು ತಾನಾಗಿಯೇ ಹೇಳಿತು, ಹೀಗಾಗಿ ಲೆಕ್ಕ ಹಾಕಲು ನಮಗೆ ಸಾಧ್ಯವಾಗುತ್ತಿದೆ. ಎಲ್ಲರೂ ಹಾಗಿರಲಿಲ್ಲ. ಅತಿ ದೊಡ್ಡ ಸ್ಟೇಬಲ್‌ಕಾಯಿನ್ ಟೆದರ್ ಪ್ರತಿ ನಾಣ್ಯಕ್ಕೂ ಡಾಲರ್ ಇದೆ ಎಂದು ವರ್ಷಗಟ್ಟಲೆ ಹೇಳಿಕೊಂಡಿತ್ತು. 2016ರಿಂದ 2018ರವರೆಗಿನ 26 ತಿಂಗಳ ಒಂದು ಅವಧಿಯಲ್ಲಿ ಶೇ 27.6ರಷ್ಟು ದಿನಗಳಲ್ಲಿ ಮಾತ್ರ ಅದರ ಬಳಿ ಸಾಕಷ್ಟು ಡಾಲರ್ ಇತ್ತು ಎಂದು ಅಮೆರಿಕದ ಸಿಎಫ್‌ಟಿಸಿ 2021ರಲ್ಲಿ ಹೇಳಿ 4.1 ಕೋಟಿ ಡಾಲರ್ ದಂಡ ಹಾಕಿತು. ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿಯ ತನಿಖೆಯಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಹೊರಬಿತ್ತು. 2017ರ ಸೆಪ್ಟೆಂಬರಿನಲ್ಲಿ ಲೆಕ್ಕಪರಿಶೋಧಕರು ಬ್ಯಾಂಕ್ ಬಾಕಿ ನೋಡಬೇಕಿದ್ದ ದಿನ ಬೆಳಿಗ್ಗೆಯೇ ಟೆದರ್ ಆ ಖಾತೆ ತೆರೆದಿತ್ತು, ಮತ್ತು ಸೋದರ ಸಂಸ್ಥೆ ಬಿಟ್‌ಫಿನೆಕ್ಸ್ ಅಂದೇ ಅದಕ್ಕೆ 38 ಕೋಟಿ ಡಾಲರ್ ವರ್ಗಾಯಿಸಿತ್ತು. ಟೆದರ್ ತಪ್ಪು ಒಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. ಒಂದು ನಿರ್ದಿಷ್ಟ ದಿನದ ಬಾಕಿಯನ್ನಷ್ಟೇ ದೃಢೀಕರಿಸುವ ಪತ್ರಕ್ಕೂ ಪೂರ್ಣ ಲೆಕ್ಕಪರಿಶೋಧನೆಗೂ ಇರುವ ಅಂತರ ಇದು.

2025ರ ಜುಲೈನಲ್ಲಿ ಅಮೆರಿಕ ಜೀನಿಯಸ್ ಎಂಬ ಕಾಯ್ದೆ ತಂದಿತು. ಅದರ ಪ್ರಕಾರ ಪ್ರತಿ ನಾಣ್ಯಕ್ಕೂ ನಗದು, ಅಲ್ಪಾವಧಿಯ ಟ್ರೆಷರಿಗಳಂಥ ಸುಲಭವಾಗಿ ಹಣವಾಗುವ ಮೀಸಲು ಇರಬೇಕು, ಅದರ ವಿವರ ತಿಂಗಳಿಗೊಮ್ಮೆ ಪ್ರಕಟವಾಗಬೇಕು. ಆದರೆ ಬ್ಯಾಂಕ್ ಠೇವಣಿಯೂ ಆ ಮೀಸಲಿನ ಪಟ್ಟಿಯಲ್ಲಿದೆ, ನಾಣ್ಯ ಹೊಂದಿದವರಿಗೆ ಸರ್ಕಾರದ ಠೇವಣಿ ವಿಮೆ ಇಲ್ಲ. ಮೀಸಲಿನ ವರದಿ ಕೈಗೆ ಸಿಕ್ಕರೆ ಒಟ್ಟು ಮೊತ್ತ ನೋಡಿ ಸುಮ್ಮನಾಗಬೇಡಿ. ನಗದು ಯಾವ ಯಾವ ಬ್ಯಾಂಕಿನಲ್ಲಿ ಎಷ್ಟೆಷ್ಟಿದೆ, ಬಾಂಡುಗಳ ಅವಧಿ ಎಷ್ಟು, ಮರಳಿಸುವ ಹಕ್ಕು ಯಾರಿಗಿದೆ ಎಂದು ಹುಡುಕಿ. ಅಂದಹಾಗೆ, ನಮ್ಮ ದೇಶದಲ್ಲಿ ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಡಾಲರ್ ಸ್ಟೇಬಲ್‌ಕಾಯಿನ್‌ಗೆ ಆ ರಕ್ಷಣೆ ಇಲ್ಲ, ಅದರ ಲಾಭದ ಮೇಲೆ ಮಾತ್ರ ಶೇ 30 ತೆರಿಗೆ ಇದೆ.