ಮುಹೂರ್ತಕ್ಕೆ ಮೊದಲಿನ ಒಂದು ಸಂದೇಶ

ಮದುವೆ ಫೋಟೊಗ್ರಾಫರ್ ಒಬ್ಬರಿಗೆ ಕೆಲಸ ಸಿಗುವ ದಾರಿಗಳು ಕೆಲವೇ. ಹಿಂದೆ ಚಿತ್ರ ತೆಗೆಸಿಕೊಂಡವರ ನೆಂಟರು ಕರೆಯಬೇಕು, ಇನ್‌ಸ್ಟಾಗ್ರಾಮಿನಲ್ಲಿ ಯಾರಾದರೂ ನೋಡಬೇಕು, ಇಲ್ಲವೇ ಮದುವೆಯನ್ನು ವಹಿಸಿಕೊಂಡವರು ಹೆಸರು ಹೇಳಬೇಕು. ಮೂರನೆಯ ದಾರಿ ಈಚಿನ ವರ್ಷಗಳಲ್ಲಿ ಅಗಲವಾಗಿದೆ. ಛತ್ರ, ಹೂವು, ಅಡುಗೆ, ವಾದ್ಯಗಳನ್ನೆಲ್ಲ ಒಬ್ಬರ ಕೈಗೊಪ್ಪಿಸುವ ಮನೆಗಳು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಹೆಚ್ಚಿವೆ. ಅಂಥ ವೆಡ್ಡಿಂಗ್ ಪ್ಲ್ಯಾನರ್ ವರ್ಷಕ್ಕೆ ನಾಲ್ಕೈದು ಮದುವೆ ಕೊಡಿಸಿದರೂ ಸ್ವತಂತ್ರವಾಗಿ ದುಡಿಯುವ ಫೋಟೊಗ್ರಾಫರಿಗೆ ಅದು ದೊಡ್ಡ ಆಸರೆ. ಆದ್ದರಿಂದಲೇ ಪ್ಲ್ಯಾನರ್‌ಗಳ ಫೋನಿಗೆ ‘ಜೊತೆಗೆ ಕೆಲಸ ಮಾಡೋಣ’ ಎಂಬ ಸಂದೇಶಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಹೋಗುವುದಿಲ್ಲ.

ಕಾರಣ ತಿಳಿಯಬೇಕಾದರೆ ಪ್ಲ್ಯಾನರ್ ಕುರ್ಚಿಯಲ್ಲಿ ಕೂತು ನೋಡಬೇಕು. ಫೋಟೊಗ್ರಾಫರ್ ಮಾಂಗಲ್ಯಧಾರಣೆಗೆ ತಡವಾಗಿ ಬಂದರೆ, ಆರು ತಿಂಗಳಾದರೂ ಆಲ್ಬಮ್ ಕೊಡದಿದ್ದರೆ, ಹುಡುಗಿಯ ತಾಯಿ ಫೋನ್ ಮಾಡುವುದು ಫೋಟೊಗ್ರಾಫರಿಗಲ್ಲ, ಹೆಸರು ಹೇಳಿದ ಪ್ಲ್ಯಾನರ್‌ಗೆ. ಹತ್ತು ಸಾವಿರ ರೂಪಾಯಿ ಕಮಿಷನ್ನಿಗಾಗಿ ಆ ಮನೆತನದ ಮುಂದಿನ ಮೂರು ಮದುವೆಗಳನ್ನು ಕಳೆದುಕೊಳ್ಳಲು ಯಾರೂ ತಯಾರಿರುವುದಿಲ್ಲ. ‘ನನ್ನ ಕ್ಯಾಂಡಿಡ್ ಚಿತ್ರಗಳಲ್ಲಿ ಭಾವನೆ ಇರುತ್ತದೆ, ಶೇಕಡಾ 15 ಕಮಿಷನ್ ಕೊಡುತ್ತೇನೆ’ ಎಂಬ ಸಂದೇಶ ಆಕೆಯ ಈ ಭಯವನ್ನು ಮುಟ್ಟುವುದೇ ಇಲ್ಲ.

ಮುಟ್ಟುವ ಸಂದೇಶ ಹೇಗಿರಬಹುದು? ಮೈಸೂರಿನ ಒಬ್ಬ ಫೋಟೊಗ್ರಾಫರ್ ಆಷಾಢದಲ್ಲಿ ಬರೆಯುತ್ತಿದ್ದಾರೆ ಎಂದುಕೊಳ್ಳೋಣ. ಆ ತಿಂಗಳಲ್ಲಿ ಮದುವೆಗಳು ಇರುವುದಿಲ್ಲ. ಪ್ಲ್ಯಾನರ್‌ಗೆ ಓದುವ ಬಿಡುವಿರುತ್ತದೆ, ಶ್ರಾವಣದಿಂದಾಚೆಗೆ ಯಾರನ್ನು ಕರೆಯಬೇಕೆಂಬ ಲೆಕ್ಕಾಚಾರವೂ ನಡೆದಿರುತ್ತದೆ.

“ನಮಸ್ಕಾರ ಮೇಡಂ. ಕಳೆದ ಮಾಘದಲ್ಲಿ ನಂಜನಗೂಡು ರಸ್ತೆಯ ಛತ್ರದಲ್ಲಿ ನೀವು ನಡೆಸಿದ ಮದುವೆಗೆ ಹುಡುಗನ ಮನೆಯವರ ಕಡೆಯಿಂದ ಫೋಟೊ ತೆಗೆದವನು ನಾನು. ಜನ ಸೇರುವ ಮೊದಲು ತೆಗೆದ ಮಂಟಪದ ಆರು ಚಿತ್ರಗಳನ್ನು ಕಳಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ನಿಮ್ಮ ಕೆಲಸಕ್ಕೆ ಬಳಸಿಕೊಳ್ಳಿ. ಒಂದರಿಂದ ಒಂದೂವರೆ ಲಕ್ಷ ರೂಪಾಯಿಯೊಳಗೆ ಫೋಟೊ-ವಿಡಿಯೊ ಕೇಳುವ ಮನೆಯವರಿಗೆ ನನ್ನ ಹೆಸರನ್ನೂ ಹೇಳಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ನೀವು ಕೊಡಿಸಿದ ಮದುವೆಗಳಲ್ಲಿ ಅಲಂಕಾರದ ಚಿತ್ರಗಳು ಮೂರು ದಿನದೊಳಗೆ ನಿಮಗೆ, ಆಲ್ಬಮ್ ವಿನ್ಯಾಸ ನಲವತ್ತೈದು ದಿನದೊಳಗೆ ಮನೆಯವರಿಗೆ. ನನಗೆ ಹುಷಾರು ತಪ್ಪಿದರೆ ಬರುವ ಗೆಳೆಯನ ಕೆಲಸದ ಚಿತ್ರಗಳೂ ಜೊತೆಗಿವೆ. ಮೊದಲು ಒಂದು ಚಿಕ್ಕ ಕಾರ್ಯಕ್ಕೆ, ಅರಿಶಿನ ಶಾಸ್ತ್ರವೋ ನಾಮಕರಣವೋ, ಕರೆದು ನೋಡಿ. ಹಣಕಾಸಿನ ಮಾತು ಆಮೇಲೆ ಎದುರು ಕೂತು ಆಡೋಣ. ಮುಂದಿನ ವಾರ ನಿಮ್ಮ ಆಫೀಸಿಗೆ ಯಾವಾಗ ಬರಬಹುದು?”

ಈ ಸಂದೇಶದ ತೂಕವೆಲ್ಲ ಇರುವುದು ಮಂಟಪದ ಆ ಆರು ಚಿತ್ರಗಳಲ್ಲಿ. ಫೋಟೊಗ್ರಾಫರ್ ಗಮನ ಸಹಜವಾಗಿ ಹುಡುಗ ಹುಡುಗಿಯ ಮೇಲಿರುತ್ತದೆ. ಪ್ಲ್ಯಾನರ್ ಮುಂದಿನ ಗಿರಾಕಿಗೆ ತೋರಿಸಬೇಕಾದದ್ದು ಹೂವಿನ ಮಂಟಪ, ದೀಪ, ಊಟದ ಸಾಲು. ಇವು ಅಚ್ಚುಕಟ್ಟಾಗಿ ಕಾಣುವುದು ಅಲಂಕಾರ ಮುಗಿದು ಜನ ಬರುವವರೆಗಿನ ಅಲ್ಪ ಹೊತ್ತಿನಲ್ಲಿ ಮಾತ್ರ. ಆಮೇಲೆ ಕುರ್ಚಿಗಳು ಅಸ್ತವ್ಯಸ್ತ. ಧಾರೆ ಮುಗಿದ ಮಧ್ಯಾಹ್ನ ಹೂವೇ ಇಳಿದಿರುತ್ತದೆ. ಆ ಹೊತ್ತಿಗೆ ಅಲ್ಲಿದ್ದು ಚಿತ್ರ ತೆಗೆಯುವವರು ಪ್ಲ್ಯಾನರ್‌ಗೆ ಕಮಿಷನ್ನಿಗಿಂತ ಹೆಚ್ಚು ಬೇಕಾದವರು.

ಇದರಲ್ಲಿ ಕಾನೂನಿನ ಒಂದು ಎಳೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಬೇರೆ ಒಪ್ಪಂದವಿದ್ದರೆ ಮಾತ್ರ ಇದು ಬದಲಾಗುತ್ತದೆ. ಕ್ಯಾಮೆರಾ ತನ್ನದಾದ ಮಾತ್ರಕ್ಕೆ ಚಿತ್ರವೂ ತನ್ನದು ಎಂದುಕೊಳ್ಳುವ ಫೋಟೊಗ್ರಾಫರುಗಳು ಬಹಳ. ಹಾಗಾಗಿ ಚಿತ್ರಗಳನ್ನು ಪ್ಲ್ಯಾನರ್‌ಗೆ ಕೊಡುವ ಮಾತನ್ನು ಮನೆಯವರೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಒಂದು ಸಾಲು ಬರೆಸಿಕೊಳ್ಳಬೇಕು. ‘ಒಪ್ಪಿಗೆ ಪಡೆದಿದ್ದೇನೆ’ ಎಂದು ಓದಿದ ಪ್ಲ್ಯಾನರ್‌ಗೆ, ಈ ಮನುಷ್ಯನಿಂದ ನಾಳೆ ತಕರಾರು ಬರುವುದಿಲ್ಲ ಎಂಬುದೂ ತಿಳಿಯುತ್ತದೆ.

ಮೊದಲ ಸಂದೇಶದಲ್ಲಿ ಕಮಿಷನ್ನಿನ ಅಂಕಿ ಬರೆಯದಿರುವುದಕ್ಕೆ ಕಾರಣ ಸಂಕೋಚವಲ್ಲ, ಲೆಕ್ಕ. ಉದಾಹರಣೆಗೆ, ಆರತಕ್ಷತೆ ಮತ್ತು ಮುಹೂರ್ತ ಸೇರಿ 1,20,000 ರೂಪಾಯಿಗೆ ಮಾತಾಗಿದೆ ಎನ್ನೋಣ. ಎರಡನೇ ಫೋಟೊಗ್ರಾಫರಿಗೆ 20,000, ವಿಡಿಯೊದವರಿಗೆ 30,000, ಎಡಿಟಿಂಗಿಗೆ 15,000, ಆಲ್ಬಮ್ ಮುದ್ರಣಕ್ಕೆ 15,000, ಓಡಾಟಕ್ಕೆ 5,000. ಒಟ್ಟು 85,000 ಹೋಗಿ ಕೈಗುಳಿಯುವುದು 35,000. ಪೂರ್ತಿ ಮೊತ್ತದ ಮೇಲೆ ಶೇಕಡಾ 15 ಎಂದು ಮಾತು ಕೊಟ್ಟರೆ 18,000 ಹೋಯಿತು, ಸಂಪಾದನೆಯ ಅರ್ಧಕ್ಕಿಂತ ಹೆಚ್ಚು. ಮೇಲೆ ಮನೆಯವರು ಚೌಕಾಸಿ ಮಾಡಿ 15,000 ಇಳಿಸಿದರೆ ಕಮಿಷನ್ ಕಳೆದು ಉಳಿಯುವುದು 4,250 ಮಾತ್ರ. ಆಗ ಆತ ಎರಡನೇ ಕ್ಯಾಮೆರಾದವರನ್ನು ಬಿಟ್ಟು ಬರುತ್ತಾನೆ, ಇಲ್ಲವೇ ಎಡಿಟಿಂಗನ್ನು ಮುಂದೂಡುತ್ತಾನೆ. ಪ್ಲ್ಯಾನರ್ ಹೆದರಿದ್ದು ಇದಕ್ಕೇ.

ತಾಳಿಕೆಯ ಮಾತು ಬೇರೆ: ಆಲ್ಬಮ್ ಖರ್ಚು ಕಳೆದ ಮೊತ್ತದ ಮೇಲೆ ಶೇಕಡಾ 8, ಅದೂ ಮನೆಯವರ ಬಾಕಿ ಕೈಸೇರಿದ ಮೇಲೆ. ಇಲ್ಲಿ 1,05,000ಕ್ಕೆ 8,400 ಆಗುತ್ತದೆ. ಚೌಕಾಸಿಯಾದರೂ ಕೈಯಲ್ಲಿ 12,800 ಉಳಿಯುತ್ತದೆ. ಕಮಿಷನ್ನನ್ನು ಮನೆಯವರ ದರದ ಮೇಲೆ ಹೇರುವ ಉಪಾಯ ಬಹುಕಾಲ ನಡೆಯದು; ಸೋದರಮಾವನೋ ಚಿಕ್ಕಪ್ಪನೋ ಅದೇ ಫೋಟೊಗ್ರಾಫರಿಗೆ ನೇರವಾಗಿ ಫೋನ್ ಮಾಡಿ ದರ ಕೇಳುತ್ತಾರೆ. ಎರಡು ದರ ಕೇಳಿಬಂದ ದಿನ ಇಬ್ಬರ ಹೆಸರೂ ಹೋಗುತ್ತದೆ.

ಸಂಬಂಧ ಮುರಿಯುವ ಜಾಗ ಇನ್ನೊಂದಿದೆ. ಅಕ್ಕನ ಮದುವೆ ಚೆನ್ನಾಗಿ ಆಯಿತು, ಮರುವರ್ಷ ತಂಗಿಯ ಮದುವೆಗೆ ಮನೆಯವರು ಫೋಟೊಗ್ರಾಫರನ್ನೇ ಕೇಳುತ್ತಾರೆ: “ಡೆಕೊರೇಷನ್ನಿಗೂ ಯಾರನ್ನಾದರೂ ನೋಡಿಕೊಡಿ ಅಣ್ಣಾ.” ಆತ ಬೇರೆಯವರ ನಂಬರ್ ಕೊಟ್ಟರೆ ಸುದ್ದಿ ಪ್ಲ್ಯಾನರ್‌ಗೆ ತಲುಪದೆ ಇರುವುದಿಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ ಎರಡು ಮಾತು ಬರೆದಿಟ್ಟುಕೊಳ್ಳುವುದು ವಾಡಿಕೆಯಾಗಬೇಕು. ಪ್ಲ್ಯಾನರ್ ಮೂಲಕ ಬಂದ ಮನೆಯವರು ಇನ್ನೊಂದು ಕಾರ್ಯಕ್ಕೆ ಕರೆದರೆ ಆಕೆಗೆ ತಿಳಿಸುವುದು. ಆ ಕಾರ್ಯಕ್ಕೂ ಕಮಿಷನ್ ಉಂಟೇ, ಎಷ್ಟು ಕಾಲದವರೆಗೆ ಎಂಬುದನ್ನು ಆಗಲೇ ಗೊತ್ತುಮಾಡಿಕೊಳ್ಳುವುದು. ತನ್ನೊಬ್ಬನ ಹೆಸರನ್ನೇ ಹೇಳಬೇಕೆಂದು ಫೋಟೊಗ್ರಾಫರ್ ಕೇಳಬಾರದು. ಒಂದೇ ದಿನ ಮೂರು ಮದುವೆ ಬೀಳುವ ಮುಹೂರ್ತದಲ್ಲಿ ಪ್ಲ್ಯಾನರ್‌ಗೆ ಮೂವರು ಬೇಕಾಗುತ್ತಾರೆ.

ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಬಹುದು, ಅದಕ್ಕಿಂತ ಹೆಚ್ಚಲ್ಲ. ಒಪ್ಪಿಗೆಯಾಗಿದೆ ಎಂಬುದಕ್ಕೆ ಗುರುತು ‘ಆಯ್ತು, ನೋಡೋಣ’ ಎಂಬ ಮಾತಲ್ಲ. “ಕಾರ್ತಿಕದಲ್ಲಿ ಈ ದಿನ ಖಾಲಿ ಇದೀರಾ?” ಎಂದು ಆಕೆ ಕೇಳಿದಾಗ ವ್ಯವಹಾರ ಶುರುವಾಯಿತು. ಎದುರಿಗೆ ಮನೆಯವರನ್ನು ಕೂರಿಸಿಕೊಂಡೇ ಆಕೆ ಕೇಳುತ್ತಿರಬಹುದು. ಅರ್ಧ ಗಂಟೆಯೊಳಗೆ ಹೌದು ಅಥವಾ ಇಲ್ಲ ಎಂದವರನ್ನು ಮತ್ತೆ ಕೇಳುತ್ತಾರೆ. ಸಂಜೆ ಹೇಳುತ್ತೇನೆ ಎಂದವರ ಜಾಗಕ್ಕೆ ಸಂಜೆಯೊಳಗೆ ಇನ್ನೊಬ್ಬರು ಬಂದಿರುತ್ತಾರೆ.