ಪ್ರತಿ ಸಾಲಿಗೂ ಅದರದೇ ಗರಿಷ್ಠ

ಮಳೆಯ ಲೆಕ್ಕವನ್ನು ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟಾಗ ಮೊದಲು ಏಳುವ ಪ್ರಶ್ನೆ, ಯಾವ ಊರಿಗೆ ಯಾವ ತಿಂಗಳಲ್ಲಿ ಹೆಚ್ಚು ಮಳೆ ಎನ್ನುವುದು. ಕೆಳಗಿನ ಪಟ್ಟಿ ನೋಡಿ. ಸರಾಸರಿಯ ಆಸುಪಾಸಿನಲ್ಲಿ, ಉದಾಹರಣೆಗೆಂದು ದುಂಡು ಮಾಡಿಕೊಂಡ ಮಿಲಿಮೀಟರ್ ಅಂಕಿಗಳಿವು.

| ಊರು | ಜೂನ್ | ಜುಲೈ | ಆಗಸ್ಟ್ | ಸೆಪ್ಟೆಂಬರ್ | ಅಕ್ಟೋಬರ್ |
|---|---|---|---|---|---|
| ಮಂಗಳೂರು | 950 | 1100 | 780 | 330 | 210 |
| ಬೆಂಗಳೂರು | 110 | 115 | 165 | 210 | 185 |
| ವಿಜಯಪುರ | 90 | 75 | 95 | 150 | 105 |
| ಮೈಸೂರು | 70 | 70 | 80 | 130 | 160 |

ಶೀಟಿನಲ್ಲಿ ಊರಿನ ಹೆಸರುಗಳು A ಕಾಲಂನಲ್ಲಿವೆ, ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು B ಇಂದ F ವರೆಗೆ. ಮಂಗಳೂರು 2ನೇ ಸಾಲು, ಮೈಸೂರು 5ನೇ ಸಾಲು. ಎಕ್ಸೆಲ್‌ನಲ್ಲಿ ಸಿದ್ಧವಾಗಿರುವ Top 10 Items ನಿಯಮವನ್ನು ಇಡೀ ಪಟ್ಟಿಗೆ ಹಾಕಿ, 10 ಇರುವಲ್ಲಿ 1 ಎಂದು ಕೊಟ್ಟರೆ ಬಣ್ಣ ಬರುವುದು ಒಂದೇ ಸೆಲ್ಲಿಗೆ, ಮಂಗಳೂರಿನ ಜುಲೈಗೆ. ಅಂಕಿಯನ್ನು 4 ಮಾಡಿದರೂ ಮಂಗಳೂರಿನ ಸಾಲೇ ಬಣ್ಣವನ್ನೆಲ್ಲ ಬಾಚಿಕೊಳ್ಳುತ್ತದೆ. ಆ ನಿಯಮ ಆಯ್ದ ಸೆಲ್ಲುಗಳನ್ನೆಲ್ಲ ಒಂದೇ ರಾಶಿಯೆಂದು ತಿಳಿಯುತ್ತದೆ. ಸಾಲು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಕರಾವಳಿಯ ಮಳೆಯ ಮುಂದೆ ಬಯಲುಸೀಮೆಯ ಮಳೆ ಕಾಣದೇ ಹೋಗುತ್ತದೆ. ನಮಗೆ ಬೇಕಿರುವುದು ಪ್ರತಿ ಊರನ್ನೂ ಅದರ ಪಾಡಿಗೆ ನೋಡುವ ನಿಯಮ, ಅದನ್ನು ನಾವೇ ಬರೆದುಕೊಡಬೇಕು.

ಮಾಡುವ ಕ್ರಮ ಚಿಕ್ಕದು. B2 ಮೇಲೆ ಕ್ಲಿಕ್ ಮಾಡಿ ಅಲ್ಲಿಂದ F5 ವರೆಗೆ ಎಳೆದು ಆಯ್ಕೆ ಮಾಡಿ. Home ಟ್ಯಾಬಿನ Conditional Formatting ತೆರೆದು New Rule ಒತ್ತಿ. ಬರುವ ಪಟ್ಟಿಯ ಕೊನೆಯಲ್ಲಿರುವ Use a formula to determine which cells to format ಆರಿಸಿ, ಖಾಲಿ ಜಾಗದಲ್ಲಿ ಈ ಸೂತ್ರ ಬರೆಯಿರಿ:

```
=B2=MAX($B2:$F2)
```

Format ಒತ್ತಿ Fill ನಲ್ಲಿ ಒಂದು ತಿಳಿ ಬಣ್ಣ ಆರಿಸಿ OK ಕೊಟ್ಟರೆ ಮುಗಿಯಿತು. ಮಂಗಳೂರಿಗೆ ಜುಲೈ, ಬೆಂಗಳೂರು ಮತ್ತು ವಿಜಯಪುರಕ್ಕೆ ಸೆಪ್ಟೆಂಬರ್, ಮೈಸೂರಿಗೆ ಅಕ್ಟೋಬರ್ ಬಣ್ಣ ಪಡೆಯುತ್ತವೆ. ಬಯಲುಸೀಮೆಯ ರೈತರು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಮೇಲೆ ಯಾಕೆ ಅಷ್ಟು ಆಸೆ ಇಟ್ಟುಕೊಳ್ಳುತ್ತಾರೆ ಎಂಬುದು ಈಗ ಒಂದೇ ನೋಟಕ್ಕೆ ಸಿಗುತ್ತದೆ.

ಈ ಸೂತ್ರದಲ್ಲಿ ಎಲ್ಲ ಕೆಲಸವೂ ನಿಂತಿರುವುದು ಡಾಲರ್ ಚಿಹ್ನೆ ಎಲ್ಲಿದೆ, ಎಲ್ಲಿಲ್ಲ ಎಂಬುದರ ಮೇಲೆ. ನಾವು ಬರೆಯುವುದು ಒಂದೇ ಸೂತ್ರ, ಆದರೆ ಆಯ್ಕೆಯಲ್ಲಿರುವ ಪ್ರತಿ ಸೆಲ್ಲಿಗೂ ಎಕ್ಸೆಲ್ ಅದನ್ನು ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಸೂತ್ರವನ್ನು ಆ ಸೆಲ್ಲಿಗೆ ನಕಲು ಮಾಡಿದ್ದರೆ ವಿಳಾಸಗಳು ಹೇಗೆ ಸರಿಯುತ್ತಿದ್ದವೋ ಇಲ್ಲಿಯೂ ಹಾಗೆಯೇ ಸರಿಯುತ್ತವೆ. ವಿಜಯಪುರದ ಸೆಪ್ಟೆಂಬರ್, ಅಂದರೆ E4 ಸೆಲ್ಲಿಗೆ ಬಂದಾಗ ಅದು `E4=MAX($B4:$F4)` ಆಗಿರುತ್ತದೆ. ಡಾಲರ್ ಇರುವುದರಿಂದ B ಮತ್ತು F ಕಾಲಂಗಳು ಕದಲಲಿಲ್ಲ. ಸಾಲಿನ ಸಂಖ್ಯೆಗೆ ಡಾಲರ್ ಇಲ್ಲದ್ದರಿಂದ 2 ಹೋಗಿ 4 ಆಯಿತು. 150 ಆ ಸಾಲಿನ ಗರಿಷ್ಠವೇ ಆದ್ದರಿಂದ ಉತ್ತರ TRUE, ಬಣ್ಣ ಬಿತ್ತು.

ಡಾಲರ್ ತಪ್ಪಿದರೆ ಬಣ್ಣವೇ ಅದನ್ನು ಹೇಳುತ್ತದೆ. ಸೂತ್ರ ಬರೆಯುವಾಗ ಮೌಸಿನಿಂದ ಸೆಲ್ಲುಗಳನ್ನು ತೋರಿಸಿದರೆ ಎಕ್ಸೆಲ್ ತಾನಾಗಿಯೇ `$B$2:$F$2` ಎಂದು ಎರಡೂ ಕಡೆ ಡಾಲರ್ ಹಾಕುತ್ತದೆ. ಆಗ ಎಲ್ಲ ಊರುಗಳೂ ಮಂಗಳೂರಿನ 1100ಕ್ಕೆ ಹೋಲಿಕೆಯಾಗುತ್ತವೆ: ಮೊದಲ ಸಾಲು ಸರಿ, ಉಳಿದವು ಬಣ್ಣವಿಲ್ಲದೆ ಬಿಳಿಯಾಗಿ ಉಳಿಯುತ್ತವೆ. ಡಾಲರನ್ನೇ ಹಾಕದೆ `B2:F2` ಎಂದು ಬರೆದರೆ ಹೋಲಿಸುವ ಸೆಲ್ಲುಗಳೇ ಬಲಕ್ಕೆ ಜಾರುತ್ತ ಹೋಗುತ್ತವೆ, ಪ್ರತಿ ತಿಂಗಳೂ ತನ್ನ ನಂತರದ ತಿಂಗಳುಗಳಿಗೆ ಮಾತ್ರ ಹೋಲಿಕೆಯಾಗುತ್ತದೆ. ಮಂಗಳೂರಿನಲ್ಲಿ ಜುಲೈ ಆದಮೇಲೆ ಮಳೆ ಇಳಿಯುತ್ತಲೇ ಹೋಗುವುದರಿಂದ ಜುಲೈನಿಂದ ಅಕ್ಟೋಬರ್‌ವರೆಗೆ ನಾಲ್ಕೂ ಸೆಲ್ಲು ಬಣ್ಣವಾಗುತ್ತವೆ. ಅಕ್ಟೋಬರ್‌ನ ಬಲಕ್ಕೆ ಏನೂ ಇಲ್ಲದಿದ್ದರೆ ಎಲ್ಲ ಊರುಗಳ ಅಕ್ಟೋಬರ್ ಕೂಡ ಬಣ್ಣವಾಗುತ್ತದೆ. ಕೊನೆಯ ಕಾಲಂ ಪೂರ್ತಿ ಬಣ್ಣ ಹೊತ್ತು ನಿಂತಿದ್ದರೆ ಮೊದಲು ಡಾಲರ್ ನೋಡಿ.

ಡಾಲರ್ ಸರಿಯಿದ್ದೂ ಬಣ್ಣ ಎಲ್ಲೆಲ್ಲೋ ಬಿದ್ದಿದ್ದರೆ ಆಯ್ಕೆ ಶುರುವಾದ ಜಾಗ ತಪ್ಪಿರಬಹುದು. ಬರೆದ ಸೂತ್ರ ಆ ಹೊತ್ತಿಗೆ ಸಕ್ರಿಯವಾಗಿದ್ದ ಸೆಲ್ಲಿಗೆ ಸೇರಿದ್ದೆಂದು ಎಕ್ಸೆಲ್ ತಿಳಿಯುತ್ತದೆ. ಕೆಳಗಿನ F5 ಇಂದ ಮೇಲಕ್ಕೆ ಎಳೆದು ಆಯ್ಕೆ ಮಾಡಿ B2 ಎಂದು ಬರೆದರೆ, F5ರ ಬಣ್ಣವನ್ನು ಮೂರು ಸಾಲು ಮೇಲಿನ, ನಾಲ್ಕು ಕಾಲಂ ಎಡದ ಅಂಕಿ ತೀರ್ಮಾನಿಸುತ್ತದೆ. ಶೀಟಿನ ಎಡ ಮೂಲೆಯ ಪುಟ್ಟ ಚೌಕದಲ್ಲಿ B2 ಎಂದು ಕಾಣುತ್ತಿರುವಾಗಲೇ ನಿಯಮ ಬರೆಯುವುದು ಒಳ್ಳೆಯದು. ಇನ್ನೊಂದು ಕಿರಿಕಿರಿಯನ್ನೂ ಹೇಳಿಬಿಡುತ್ತೇನೆ: ನಿಯಮದ ಖಾನೆಯಲ್ಲಿ ತಿದ್ದಲೆಂದು ಬಾಣದ ಕೀಲಿ ಒತ್ತಿದರೆ ಕರ್ಸರ್ ಸರಿಯುವ ಬದಲು ಹೊಸ ಸೆಲ್ ವಿಳಾಸ ಬಂದು ಸೇರಿಕೊಳ್ಳುತ್ತದೆ. ಮೊದಲು F2 ಕೀಲಿ ಒತ್ತಿದರೆ ಆ ಕಾಟ ಇಲ್ಲ.

ಇವೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ನನಗೆ ಹೆಚ್ಚು ಭಯ ಹುಟ್ಟಿಸುವುದು ಸರಿಯಿದ್ದಂತೆಯೇ ಕಾಣುವ ತಪ್ಪು. ವಿಜಯಪುರದ ಸೆಪ್ಟೆಂಬರ್ ಸೆಲ್ಲಿನಲ್ಲಿ ಯಾರೋ 150 ಎನ್ನುವ ಬದಲು "150 ಮಿಮೀ" ಎಂದು ಟೈಪ್ ಮಾಡಿದ್ದಾರೆ ಎಂದುಕೊಳ್ಳಿ. ಎಕ್ಸೆಲ್‌ಗೆ ಅದು ಅಂಕಿಯಲ್ಲ, ಅಕ್ಷರ. MAX ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಉಳಿದವುಗಳಲ್ಲಿ ದೊಡ್ಡದಾದ ಅಕ್ಟೋಬರ್‌ನ 105ಕ್ಕೆ ಬಣ್ಣ ಹೋಗುತ್ತದೆ. ಸಾಲಿಗೊಂದು ಬಣ್ಣ ಇದ್ದೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇಂಥ ಸೆಲ್ ಸಾಮಾನ್ಯವಾಗಿ ಎಡಕ್ಕೆ ಒತ್ತಿಕೊಂಡಿರುತ್ತದೆ, ಅಂಕಿಗಳು ಬಲಕ್ಕೆ. ಖಚಿತವಾಗಿ ತಿಳಿಯಬೇಕಾದರೆ ಪಕ್ಕದಲ್ಲಿ ಎಲ್ಲಾದರೂ `=COUNT(B4:F4)` ಹಾಕಿ ನೋಡಿ. 5 ಬರಬೇಕಾದಲ್ಲಿ 4 ಬಂದರೆ ಒಂದು ಅಂಕಿ ಅಕ್ಷರವಾಗಿದೆ ಅಥವಾ ಖಾಲಿಯಿದೆ.

ಖಾಲಿ ಸಾಲುಗಳದ್ದು ಬೇರೆ ಕಥೆ. ಮುಂದೆ ಊರು ಸೇರಿಸಬಹುದೆಂದು ನಿಯಮವನ್ನು 20ನೇ ಸಾಲಿನವರೆಗೆ ಹಾಕಿದರೆ, ಏನೂ ಬರೆಯದ ಸಾಲುಗಳೆಲ್ಲ ಪೂರ್ತಿ ಬಣ್ಣವಾಗುತ್ತವೆ. ಖಾಲಿ ಸೆಲ್ಲುಗಳ MAX ಸೊನ್ನೆ, ಖಾಲಿ ಸೆಲ್ಲನ್ನು ಹೋಲಿಸುವಾಗ ಅದೂ ಸೊನ್ನೆ. ಹಾಗಾಗಿ ಎಲ್ಲವೂ ಗರಿಷ್ಠ. ಮಳೆಯ ಪಟ್ಟಿಗೆ ಈ ತಿದ್ದುಪಡಿ ಸಾಕು:

```
=AND(B2>0,B2=MAX($B2:$F2))
```

ಮಳೆಯೇ ಬಾರದೆ ಎಲ್ಲ ಸೊನ್ನೆಯಾದ ಸಾಲೂ ಈಗ ಬಣ್ಣವಿಲ್ಲದೆ ಇರುತ್ತದೆ. ಲಾಭ ನಷ್ಟದಂತೆ ಸೊನ್ನೆಗಿಂತ ಕೆಳಗಿನ ಅಂಕಿಗಳಿರುವ ಪಟ್ಟಿಯಾದರೆ `B2>0` ಬದಲು `B2<>""` ಬರೆಯಬೇಕು, ಇಲ್ಲವಾದರೆ ಪೂರ್ತಿ ನಷ್ಟದ ಸಾಲಿಗೆ ಬಣ್ಣವೇ ಬರುವುದಿಲ್ಲ.

ಎರಡು ತಿಂಗಳು ಸಮನಾಗಿ ಗರಿಷ್ಠವಾಗಿದ್ದರೆ ಎರಡಕ್ಕೂ ಬಣ್ಣ ಬೀಳುತ್ತದೆ. ಅದನ್ನು ಹಾಗೆಯೇ ಬಿಡುವುದು ನ್ಯಾಯ ಎಂಬುದು ನನ್ನ ಅಭಿಪ್ರಾಯ. ಮೊದಲು ಬಂದದ್ದನ್ನು ಮಾತ್ರ ಆರಿಸಿದರೆ ಓದುವವರಿಗೆ ಇಲ್ಲದ ವ್ಯತ್ಯಾಸ ತೋರಿಸಿದಂತಾಗುತ್ತದೆ. G ಕಾಲಂನಲ್ಲಿ ಒಟ್ಟು ಮೊತ್ತ ಇದ್ದರೆ ಅದನ್ನು ಮಾತ್ರ MAX ಒಳಗೆ ಬಿಡಬೇಡಿ. ಮೊತ್ತವೇ ಯಾವಾಗಲೂ ಗೆಲ್ಲುತ್ತದೆ, ತಿಂಗಳುಗಳಿಗೆ ಏನೂ ಉಳಿಯುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿಯೂ ಸೂತ್ರ ಇದೇ. ಅಲ್ಲಿ Format ಮೆನುವಿನ Conditional formatting ತೆರೆದು, ವ್ಯಾಪ್ತಿ B2:F5 ಎಂದು ಕೊಟ್ಟು, Custom formula is ಆರಿಸಬೇಕು. ಯಾವುದೇ ಶೀಟಿನಲ್ಲಾಗಲಿ, ನಿಯಮ ಹಾಕಿದ ಮೇಲೆ ನಡುವಿನ ಒಂದು ಸಾಲಿನಲ್ಲಿ ಪರೀಕ್ಷೆ ಮಾಡಿ. ಬೆಂಗಳೂರಿನ ಜುಲೈಗೆ 500 ಎಂದು ಹಾಕಿ. ಬಣ್ಣ ಸೆಪ್ಟೆಂಬರ್ ಬಿಟ್ಟು ಜುಲೈಗೆ ಬರಬೇಕು, ಬೇರೆ ಯಾವ ಸಾಲಿನ ಬಣ್ಣವೂ ಅಲುಗಾಡಬಾರದು. ಆಮೇಲೆ Ctrl+Z ಒತ್ತಿ 115 ಅನ್ನು ವಾಪಸ್ ತನ್ನಿ.